ಹೂಪ್ ಟೆನ್ಷನ್: ಮರದ ಟ್ಯಾಂಕಿನ ಕಬ್ಬಿಣದ ಪಟ್ಟಿ ಕೆಳಗಡೆ ಯಾಕೆ ಒತ್ತೊತ್ತಾಗಿರುತ್ತೆ?

ನ್ಯೂಯಾರ್ಕಿನ ಹಳೇ ಬಿಲ್ಡಿಂಗುಗಳ ತಾರಸಿ ಮೇಲೆ ಚೂಪು ಟೋಪಿ ಹಾಕ್ಕೊಂಡ ಮರದ ನೀರಿನ ಟ್ಯಾಂಕ್ ಇರುತ್ತಲ್ಲ, ಸಿನಿಮಾದಲ್ಲಿ ಎಲ್ರೂ ನೋಡಿರ್ತೀರ. ಮುಂದಿನ ಸಲ ಕಂಡಾಗ ಅದರ ಸುತ್ತ ಬಿಗಿದಿರೋ ಕಬ್ಬಿಣದ ಬಳೆಗಳನ್ನ ಗಮನಿಸಿ, ಮೇಲ್ಗಡೆ ದೂರ ದೂರ ಇರುತ್ತೆ, ಕೆಳಗೆ ಬರ್ತಾ ಬರ್ತಾ ಹತ್ತಿರ ಹತ್ತಿರ ಆಗುತ್ತೆ. ಟ್ಯಾಂಕಿನ ಹಲಗೆಗಳ ಮಧ್ಯೆ ಅಂಟಿಲ್ಲ, ಮೊಳೆ ಇಲ್ಲ, ಪಕ್ಕಪಕ್ಕ ನಿಲ್ಲಿಸಿ ಸುತ್ತ ಬಳೆ ಬಿಗಿದಿರ್ತಾರೆ ಅಷ್ಟೇ. ನೀರು ಹಲಗೆಗಳನ್ನ ಹೊರಕ್ಕೆ ನೂಕುತ್ತೆ, ಬಳೆ ಬಿಡಲ್ಲ ಅನ್ನುತ್ತೆ. ಆಗ ಆ ಕಬ್ಬಿಣದ ಉದ್ದಕ್ಕೂ ಹುಟ್ಟೋ ಎಳೆತವೇ ಹೂಪ್ ಟೆನ್ಷನ್.

ಎಳೆತ ಎಷ್ಟು ಅಂತ ತಿಳ್ಕೊಳ್ಳೋಕೆ ಒಂದು ಉಪಾಯ ಇದೆ. ಟ್ಯಾಂಕನ್ನ ಮನಸ್ಸಲ್ಲೇ ಮೇಲಿಂದ ಕೆಳಗೆ ಗರಗಸದಲ್ಲಿ ಎರಡು ಹೋಳು ಮಾಡಿ, ತೆಂಗಿನಕಾಯಿ ಚಿಪ್ಪಿನ ಥರ. ನೀರು ಎರಡು ಹೋಳನ್ನೂ ಆ ಕಡೆ ಈ ಕಡೆ ತಳ್ತಾ ಇದೆ, ಅವು ಬೇರೆ ಆಗದಂಗೆ ಹಿಡಿದಿರೋದು ಕೊಯ್ದ ಜಾಗದಲ್ಲಿ ಬಳೆಯ ಎರಡು ತುದಿ. ತಳ್ಳೋ ಬಲ ಅಂದ್ರೆ ನೀರಿನ ಒತ್ತಡ ಗುಣಿಸು ವ್ಯಾಸ ಗುಣಿಸು ಆ ಬಳೆಯ ಪಾಲಿಗೆ ಬಂದಿರೋ ಎತ್ತರ, ಅದನ್ನ ಎರಡು ತುದಿ ಹಂಚ್ಕೊಳ್ಳುತ್ತೆ, ಹಂಗಾಗಿ ವ್ಯಾಸದ ಬದಲು ತ್ರಿಜ್ಯ ಉಳಿಯುತ್ತೆ:

T = p × r × s

ಇಲ್ಲಿ p ಆ ಆಳದ ಒತ್ತಡ, r ತ್ರಿಜ್ಯ, s ಬಳೆಗಳ ನಡುವಿನ ಅಂತರ. ಗಮನಿಸಿ, ಎಷ್ಟು ಲೀಟರ್ ನೀರು ಅನ್ನೋದು ಈ ಲೆಕ್ಕದಲ್ಲಿ ಎಲ್ಲೂ ಬರಲ್ಲ. ಆಳ ಮತ್ತು ಅಗಲ ಎರಡೇ ಬರೋದು. ಅದೇ ಎತ್ತರದ ಟ್ಯಾಂಕಿನ ಅಗಲ ಡಬಲ್ ಮಾಡಿದ್ರೆ ಬಳೆ ಮೇಲಿನ ಎಳೆತನೂ ಡಬಲ್.

ಈಗ ಒಂದು ಲೆಕ್ಕ ಮಾಡೋಣ. ತಾರಸಿ ಟ್ಯಾಂಕ್ ಅಂದ್ರೆ 12 ಅಡಿ ಅಗಲ, 12 ಅಡಿ ಎತ್ತರ ಇಟ್ಕೊಳ್ಳಿ, ಸುಮಾರು 38,000 ಲೀಟರ್ ಹಿಡಿಯುತ್ತೆ. ಮೀಟರಲ್ಲಿ ತ್ರಿಜ್ಯ 1.8, ಆಳ 3.6. ನೀರಿನ ಒತ್ತಡ ಪ್ರತಿ ಮೀಟರ್ ಆಳಕ್ಕೆ ಚದರ ಮೀಟರಿಗೆ ಹತ್ತಿರ ಹತ್ತಿರ ಒಂದು ಟನ್ ಏರುತ್ತೆ, ಅಂದ್ರೆ ತಳದಲ್ಲಿ 3.6 ಟನ್. ಅದನ್ನ 1.8ರಿಂದ ಗುಣಿಸಿದ್ರೆ, ತಳದ ಹತ್ರ ಪ್ರತಿ ಮೀಟರ್ ಎತ್ತರಕ್ಕೆ 6.5 ಟನ್ ಎಳೆತ. ಬಳೆಗೆ 16 ಎಂಎಂ ದುಂಡು ಸರಳು ತಗೊಂಡ್ವಿ ಅನ್ನಿ. ಅದರ ತುದಿಗೆ ನಟ್ ಕೂರೋಕೆ ತಿರುಪಿನ ಮರೆ ಕೊಯ್ದಿರ್ತಾರೆ, ಆ ಜಾಗದಲ್ಲಿ ಸರಳು ಸಣ್ಣ ಆಗಿರುತ್ತೆ, ಅದಕ್ಕೇ ಬಲ ಯಾವಾಗ್ಲೂ ಮರೆ ಇರೋ ಕಡೆಯದ್ದೇ ಲೆಕ್ಕ ಹಾಕ್ಬೇಕು. ಸೇಫ್ಟಿಗೆ ಅಂತ ಒಂದಷ್ಟು ಬಲ ಉಳಿಸಿ ನೋಡಿದ್ರೆ ಒಂದು ಬಳೆಗೆ ಸುಮಾರು 1.6 ಟನ್ ಹೊರಿಸ್ಬಹುದು. 1.6ನ್ನ 6.5ರಿಂದ ಭಾಗಿಸಿ, ತಳದಲ್ಲಿ ಅಂತರ ಬಂತು 25 ಸೆಂಟಿಮೀಟರ್. ಅರ್ಧ ಆಳದಲ್ಲಿ ಅದೇ 50 ಆಗುತ್ತೆ. ಮೇಲೆ ಹೋದಂಗೆ ಮೀಟರ್ ದಾಟುತ್ತೆ.

ಇನ್ನೊಂದು ದಾರೀಲೂ ನೋಡ್ಬಹುದು, ನಂಗೆ ಇದೇ ಇಷ್ಟ. ಒತ್ತಡದ ಚಿತ್ರ ಬರೆದ್ರೆ ಅದು ತ್ರಿಕೋನ, ಮೇಲೆ ಸೊನ್ನೆ, ತಳದಲ್ಲಿ ಪೂರ್ತಿ. ಇಡೀ ಟ್ಯಾಂಕಿನ ಎಳೆತ ಕೂಡಿದ್ರೆ ಸುಮಾರು 11.7 ಟನ್, ಅದಕ್ಕೆ 8 ಬಳೆ ಬೇಕು. ತ್ರಿಕೋನನ ಎಂಟು ಸಮಪಾಲು ಮಾಡಿ ಪಾಲಿಗೊಂದು ಬಳೆ ಹಾಕಿ. ಮೇಲಿನ ಅರ್ಧ ಎತ್ತರಕ್ಕೆ ಬರೋದು ಎರಡೇ ಬಳೆ, ಕೆಳಗಿನ ಅರ್ಧಕ್ಕೆ ಆರು! ಮೇಲಿನ ಮೊದಲ ಪಾಲೇ 1.27 ಮೀಟರ್ ಇರುತ್ತೆ, ತಳದ ಪಾಲು 23 ಸೆಂಟಿಮೀಟರ್. ದೂರದಿಂದ ನೋಡಿದಾಗ ಕಾಣೋ ಆ ಒತ್ತೊತ್ತು ಇದೇ.

ಆದ್ರೆ ಮೇಲ್ಗಡೆ ಲೆಕ್ಕ ಬಿಟ್ಟಷ್ಟು ಗ್ಯಾಪ್ ಯಾರೂ ಬಿಡಲ್ಲ. ಅಷ್ಟು ದೂರ ಬಿಟ್ರೆ ನಡುವೆ ಹಲಗೆ ಬಾಗುತ್ತೆ, ಸಂದು ಬಿಡುತ್ತೆ, ಅದಕ್ಕೆ ಎರಡು ಅಡಿ ಒಳಗೇ ಒಂದು ಮಿತಿ ಇಟ್ಕೊಂಡು ಮೇಲೆ ಒಂದೆರಡು ಬಳೆ ಜಾಸ್ತಿ ಹಾಕ್ತಾರೆ. ತಳದಲ್ಲೂ ಬಿಗಿ ಜಾಸ್ತಿ ಬೇಕು, ಯಾಕಂದ್ರೆ ಮರ ನೀರು ಕುಡಿದು ಊದುತ್ತೆ. ಹೊಸ ಟ್ಯಾಂಕಿಗೆ ನೀರು ತುಂಬಿದಾಗ ಮೊದಲು ಸಂದಿಂದೆಲ್ಲಾ ಜಿನುಗುತ್ತೆ, ಹೆದರ್ಬೇಡಿ, ಹಲಗೆ ಊದಿ ಒಂದಕ್ಕೊಂದು ಒತ್ತಿಕೊಂಡು ತಾನೇ ನಿಲ್ಲುತ್ತೆ. ಹಂಗೆ ಊದಿದ ಮರದ ಒತ್ತು ಮತ್ತೆ ಬಳೆ ಮೇಲೇ ಬೀಳೋದು, ಅದು ಮೇಲಿನ ಸೂತ್ರದಲ್ಲಿ ಇಲ್ಲ. ತಳದ ಹಲಗೆಗಳೂ ಅಡ್ಡಕ್ಕೆ ಊದಿ ಗೋಡೆಯನ್ನ ತಳ್ಳುತ್ತೆ. ಹಂಗಾಗಿ ಸರಳಿನ ಬಲನ ಪೂರ್ತಿ ನೀರಿಗೇ ಖರ್ಚು ಮಾಡ್ಬಾರ್ದು, ಊದೋದಕ್ಕೆ ಸ್ವಲ್ಪ ಉಳಿಸ್ಬೇಕು.

ಇದಕ್ಕೆ ಉಲ್ಟಾ ತೊಂದರೆ ಒಣಗೋದು. ಟ್ಯಾಂಕ್ ಖಾಲಿ ಬಿಟ್ರೆ ಹಲಗೆ ಕುಗ್ಗಿ ಬಳೆ ಸಡಿಲ ಆಗಿ ಕೆಳಗೆ ಜಾರುತ್ತೆ. ಚಪ್ಪಟೆ ಪಟ್ಟಿ ಬಿಟ್ಟು ದುಂಡು ಸರಳೇ ಯಾಕೆ ಅಂದ್ರೆ ಚಪ್ಪಟೆ ಪಟ್ಟಿಯ ಹಿಂದೆ ನೀರು ಸೇರ್ಕೊಂಡು ಒಳಗಿಂದ ತುಕ್ಕು ತಿನ್ನುತ್ತೆ, ಹೊರಗೆ ಬಣ್ಣ ಚೆನ್ನಾಗೇ ಕಾಣ್ತಿರುತ್ತೆ. ದುಂಡಗಿದ್ರೆ ಹೆಚ್ಚು ಭಾಗ ಕಣ್ಣಿಗೆ ಬೀಳುತ್ತೆ.

ನಮ್ಮ ಎತ್ತಿನಗಾಡಿ ಗಾಲಿಗೆ ಕಬ್ಬಿಣದ ಪಟ್ಟಿನ ಕೆಂಪಗೆ ಕಾಯಿಸಿ ಹಾಕಿ ನೀರು ಸುರೀತಾರಲ್ಲ, ಅಲ್ಲೂ ಇರೋದು ಹೂಪ್ ಟೆನ್ಷನ್ನೇ, ಆದ್ರೆ ತಣ್ಣಗಾಗಿ ಕುಗ್ಗಿದ್ರಿಂದ ಬಂದದ್ದು. ವೈನ್ ಪೀಪಾಯಿ ಕಥೆನೂ ಬೇರೆ, ಅದು ಚಿಕ್ಕದು, ಒಳಗಿನ ಒತ್ತಡ ಕಡಿಮೆ, ಅಲ್ಲಿ ಬಳೆಯ ಮುಖ್ಯ ಕೆಲಸ ಬಗ್ಗಿಸಿದ ಹಲಗೆಗಳು ಮತ್ತೆ ನೆಟ್ಟಗಾಗದಂಗೆ ಹಿಡ್ಕೊಳ್ಳೋದು. ಅದಕ್ಕೇ ಅದರ ಬಳೆಗಳು ಎರಡೂ ತುದಿ ಕಡೆ ಇರುತ್ತೆ, ಕೆಳಗೆ ಮಾತ್ರ ಒತ್ತೊತ್ತಾಗಿ ಇರಲ್ಲ.

ಒಂದು ಬಳೆ ಹೋದ್ರೆ ಏನಾಗುತ್ತೆ? ಅದರ ಪಾಲು ಮೇಲೊಂದು ಕೆಳಗೊಂದು ಪಕ್ಕದ ಬಳೆಗಳಿಗೆ ಅರ್ಧರ್ಧ ಹೋಗುತ್ತೆ, ಅವುಗಳ ಹೊರೆ ಒಂದೂವರೆ ಪಟ್ಟು. 1814ರ ಅಕ್ಟೋಬರ್ 17ರಂದು ಲಂಡನ್ನಿನ ಮ್ಯೂ ಕಂಪನಿಯ ಹಾರ್ಸ್ ಶೂ ಬ್ರೂವರಿಯಲ್ಲಿ ಹಿಂಗೇ ಶುರುವಾಗಿದ್ದು. 22 ಅಡಿ ಎತ್ತರದ ಮರದ ತೊಟ್ಟಿ, 22 ಬಳೆ, ಒಳಗೆ ಹತ್ತು ತಿಂಗಳ ಬಿಯರ್ 3,555 ಬ್ಯಾರಲ್, ಅಂದ್ರೆ ಸುಮಾರು 5.8 ಲಕ್ಷ ಲೀಟರ್. ನೆಟ್ಟಗಿನ ತೊಟ್ಟಿ ಅಂದ್ಕೊಂಡು ನಾನು ಲೆಕ್ಕ ಹಾಕಿದ್ರೆ ಅಗಲ ಹತ್ತೂವರೆ ಮೀಟರ್ ಆಗುತ್ತೆ, ತಳದಲ್ಲಿ ಅಡಿಗೊಂದು ಬಳೆ ಅಂದ್ರೂ ಒಂದೊಂದಕ್ಕೂ ಹತ್ತು ಟನ್ ಮೇಲೆ. ಸಂಜೆ ನಾಲ್ಕೂವರೆಗೆ ಉಗ್ರಾಣದ ಗುಮಾಸ್ತ ಜಾರ್ಜ್ ಕ್ರಿಕ್ ಒಂದು ಬಳೆ ಜಾರಿರೋದು ನೋಡ್ದ, ಅದು 320 ಕೇಜಿ ಹತ್ರ ತೂಕದ್ದು, 22ರಲ್ಲಿ ಅದೇ ಹಗುರ. ವರ್ಷಕ್ಕೆ ಎರಡು ಮೂರು ಸಲ ಹಿಂಗಾಗೋದು ಮಾಮೂಲಿ ಆಗಿದ್ರಿಂದ ಅವನ ಮೇಲಿನವನು ಏನೂ ಆಗಲ್ಲ ಅಂದ, ಮಾಲೀಕರಲ್ಲೊಬ್ಬರಿಗೆ ಚೀಟಿ ಬರೆದಿಡು, ಆಮೇಲೆ ಸರಿ ಮಾಡಿಸೋಣ ಅಂತ. ಹಿಂದೆಲ್ಲಾ ಒಂದೂವರೆ ಪಟ್ಟು ಹೊತ್ತು ಬಚಾವಾಗಿದ್ದ ಬಳೆಗಳು ಆವತ್ತು ತಡೀಲಿಲ್ಲ. ಸುಮಾರು ಒಂದು ಗಂಟೆ ಆದ್ಮೇಲೆ ತೊಟ್ಟಿ ಒಡೀತು, ಬಿಯರ್ ಹಿಂದಿನ ಗೋಡೆ ಕೆಡವಿ ಪಕ್ಕದ ಬಡವರ ಮನೆಗಳಿಗೆ ನುಗ್ಗಿ 8 ಜನ ಸತ್ರು. ಒಡೆದ ಹೊತ್ತಲ್ಲಿ ಕ್ರಿಕ್ ಹತ್ತಿರದಲ್ಲೇ ನಿಂತಿದ್ದ, ಚೀಟಿ ಇನ್ನೂ ಅವನ ಕೈಯಲ್ಲೇ ಇತ್ತು.