ಇಳಿಜಾರು ಸೈಟಿನ ಮಣ್ಣಿನ ಲೆಕ್ಕ: ಕಟ್ ಮುಗಿದು ಫಿಲ್ ಶುರುವಾಗುವ ಜಾಗ

ಇಳಿಜಾರು ಸೈಟನ್ನು ಸಮತಟ್ಟು ಮಾಡುವಾಗ ಮೇಲಿನ ಭಾಗದ ಮಣ್ಣನ್ನು ಕಡಿದು ಕೆಳಗಿನ ಭಾಗಕ್ಕೆ ತುಂಬುತ್ತೇವೆ. ಕಡಿಯುವುದೆಷ್ಟು, ತುಂಬುವುದೆಷ್ಟು ಎಂದು ತಿಳಿಯಲು ಹೆಚ್ಚಾಗಿ ಬಳಸುವುದು ಸರಾಸರಿ ಅಡ್ಡಕೊಯ್ತದ ವಿಧಾನ. ಇಳಿಜಾರಿನ ಉದ್ದಕ್ಕೂ ನಿಗದಿತ ಅಂತರದಲ್ಲಿ ಸೆಕ್ಷನ್ ತೆಗೆದು, ಅಕ್ಕಪಕ್ಕದ ಎರಡು ಸೆಕ್ಷನ್‌ಗಳ ವಿಸ್ತೀರ್ಣದ ಸರಾಸರಿಯನ್ನು ನಡುವಿನ ದೂರದಿಂದ ಗುಣಿಸಿದರೆ ಘನ ಅಳತೆ ಸಿಗುತ್ತದೆ:

```
V = L × (A1 + A2) / 2
```

ಸೂತ್ರ ಸರಳವಾದದ್ದು. ಲೆಕ್ಕ ಕೆಡುವುದು ಕಟ್ ಮುಗಿದು ಫಿಲ್ ಶುರುವಾಗುವ ಜಾಗದಲ್ಲಿ.

20 ಮೀಟರ್ ಅಗಲ, 30 ಮೀಟರ್ ಉದ್ದದ ಒಂದು ಸೈಟು ತೆಗೆದುಕೊಳ್ಳೋಣ. ಅಂಚುಗಳಿಗೆ ತಡೆಗೋಡೆ ಬರುತ್ತದೆ, ಆದ್ದರಿಂದ ಪಕ್ಕದ ಇಳಿಜಾರಿನ ಲೆಕ್ಕ ಬೇಡ. ಪ್ರತಿ 10 ಮೀಟರಿಗೆ ಒಂದು ಸೆಕ್ಷನ್. ಅಂತಿಮ ಲೆವೆಲ್‌ಗಿಂತ ನೆಲ ಮೊದಲ ಸೆಕ್ಷನ್‌ನಲ್ಲಿ 0.9 ಮೀಟರ್, ಎರಡನೆಯದರಲ್ಲಿ 0.4 ಮೀಟರ್ ಮೇಲಿದೆ. ಮೂರನೆಯದರಲ್ಲಿ 0.2 ಮೀಟರ್, ನಾಲ್ಕನೆಯದರಲ್ಲಿ 0.7 ಮೀಟರ್ ಕೆಳಗಿದೆ. ಅಗಲದಿಂದ ಗುಣಿಸಿದರೆ ಕಟ್ 18 ಮತ್ತು 8 ಚದರ ಮೀಟರ್, ಫಿಲ್ 4 ಮತ್ತು 14 ಚದರ ಮೀಟರ್.

ಮೊದಲ 10 ಮೀಟರಿನಲ್ಲಿ ಕಟ್ 130 ಘನ ಮೀಟರ್, ಕೊನೆಯ 10 ಮೀಟರಿನಲ್ಲಿ ಫಿಲ್ 90. ಇಲ್ಲಿ ತಕರಾರಿಲ್ಲ. ನಡುವಿನ ತುಂಡಿನಲ್ಲಿ ಮಾತ್ರ ಒಂದು ತುದಿ ಕಟ್, ಇನ್ನೊಂದು ತುದಿ ಫಿಲ್. ಇಲ್ಲಿಯೂ ಸೂತ್ರವನ್ನು ಯಾಂತ್ರಿಕವಾಗಿ ಹಾಕಿದರೆ ಕಟ್ 40, ಫಿಲ್ 20 ಎಂದು ಬರುತ್ತದೆ. ಅಂದರೆ ಕಟ್ ಪೂರಾ 10 ಮೀಟರ್ ಹರಡಿದೆ, ಫಿಲ್ ಕೂಡ ಅದೇ 10 ಮೀಟರಿನಲ್ಲಿ ಹರಡಿದೆ ಎಂದು ಒಪ್ಪಿಕೊಂಡ ಹಾಗಾಯಿತು. ವಾಸ್ತವದಲ್ಲಿ ನೆಲ ಅಂತಿಮ ಲೆವೆಲ್ ಅನ್ನು ದಾಟುವ ಶೂನ್ಯ ರೇಖೆ 0.4 ಮತ್ತು 0.2ರ ಅನುಪಾತದಲ್ಲಿ, ಅಂದರೆ ಎರಡನೆಯ ಸೆಕ್ಷನ್‌ನಿಂದ 6.67 ಮೀಟರ್ ದೂರದಲ್ಲಿ ಬೀಳುತ್ತದೆ. ಅಲ್ಲಿ ವಿಸ್ತೀರ್ಣ ಸೊನ್ನೆ ಎಂದು ಹಿಡಿದು ಎರಡು ತುಂಡು ಮಾಡಿದರೆ ಕಟ್ 26.7, ಫಿಲ್ 6.7 ಮಾತ್ರ.

ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಎರಡೂ ಕಡೆ 13.3 ಘನ ಮೀಟರ್ ಹೆಚ್ಚಾಗಿದೆ, ಹಾಗಾಗಿ ಕಟ್ಟಿನಿಂದ ಫಿಲ್ ಕಳೆದರೆ ಎರಡೂ ಲೆಕ್ಕದಲ್ಲಿ ಸಿಗುವುದು 60 ಘನ ಮೀಟರ್ ಹೆಚ್ಚುವರಿ. ವ್ಯತ್ಯಾಸ ತಾಳೆಯಾಯಿತೆಂದು ಬಿಟ್ಟುಬಿಟ್ಟರೆ, ಅಗೆತಕ್ಕೂ ತುಂಬುವುದಕ್ಕೂ ಪ್ರತ್ಯೇಕ ದರವಿರುವ ಬಿಲ್ಲಿನಲ್ಲಿ ಇಲ್ಲದ ಕೆಲಸಕ್ಕೆ ಹಣ ಹೋಗುತ್ತದೆ. ಇದೇ ಕಾರಣಕ್ಕೆ, ಒಂದೇ ಸೆಕ್ಷನ್‌ನಲ್ಲಿ ಎಡಬದಿ ಕಟ್, ಬಲಬದಿ ಫಿಲ್ ಬಂದರೆ ಒಂದರಿಂದ ಒಂದನ್ನು ಕಳೆದು ನಿವ್ವಳ ಬರೆಯಬಾರದು; ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ.

ತಡೆಗೋಡೆ ಇಲ್ಲದೆ ಪಕ್ಕ ಇಳಿಜಾರು ಬಿಟ್ಟಿದ್ದರೆ, ಶೂನ್ಯ ರೇಖೆಯತ್ತ ಹೋದಂತೆ ಎತ್ತರದ ಜೊತೆಗೆ ಅಗಲವೂ ಕಿರಿದಾಗಬಹುದು. ಎರಡೂ ಒಂದು ಚೂಪಿಗೆ ಬಂದು ಮುಗಿಯುವ ಕಡೆ ಆ ತುಂಡು ಪಿರಮಿಡ್ಡಾಗುತ್ತದೆ. ಅಲ್ಲಿ ವಿಸ್ತೀರ್ಣ ಗುಣಿಸು ಉದ್ದದ ಅರ್ಧವಲ್ಲ, ಮೂರನೆಯ ಒಂದು ಭಾಗ ಹಿಡಿಯಬೇಕು.

ಇನ್ನು ಆ 60 ಘನ ಮೀಟರ್ ಹೆಚ್ಚುವರಿಯ ವಿಷಯ. ಅದನ್ನು ನಂಬಿ ಮಣ್ಣು ಹೊರಗೆ ಸಾಗಿಸಲು ಲಾರಿ ಕರೆಸುವ ಮೊದಲು ಮೇಲ್ಮಣ್ಣನ್ನು ನೆನೆಯಬೇಕು. ಬೇರು, ಹುಲ್ಲು ಇರುವ ಮೇಲಿನ 15 ಸೆಂಟಿಮೀಟರ್ ಪದರವನ್ನು ಮೊದಲೇ ಕೆರೆದು ಪಕ್ಕಕ್ಕಿಡಬೇಕು. ಫಿಲ್ಲಿಗೆ ಹಾಕಿದರೆ ಅದು ಕೊಳೆತು ನೆಲ ಕುಸಿಯುತ್ತದೆ. ಕೆರೆದ ಮೇಲೆ ನಾಲ್ಕೂ ಸೆಕ್ಷನ್‌ಗಳ ನೆಲ 0.15 ಮೀಟರ್ ಇಳಿಯುತ್ತದೆ, ಶೂನ್ಯ ರೇಖೆ ಎರಡನೆಯ ಸೆಕ್ಷನ್‌ನಿಂದ 4.17 ಮೀಟರಿಗೆ ಸರಿಯುತ್ತದೆ. ಮತ್ತೆ ಲೆಕ್ಕ ಹಾಕಿದರೆ ಬಳಸಬಹುದಾದ ಕಟ್ 110.4, ಫಿಲ್ 140.4. ಹೆಚ್ಚುವರಿ ಇದ್ದಲ್ಲಿ ಈಗ 30 ಘನ ಮೀಟರ್ ಕೊರತೆ!

ಅಷ್ಟಕ್ಕೇ ಮುಗಿಯಲಿಲ್ಲ. ನೆಲದಲ್ಲಿದ್ದ 1 ಘನ ಮೀಟರ್ ಮಣ್ಣು ರೋಲರ್ ಹಾಯಿಸಿ ದಮ್ಮಸ್ಸು ಮಾಡಿದಾಗ 0.9ಕ್ಕೆ ಇಳಿಯುತ್ತದೆ ಎಂದು ಇಟ್ಟುಕೊಂಡರೆ, 140.4 ತುಂಬಲು 156 ಘನ ಮೀಟರ್ ಬೇಕು, ಕೊರತೆ 45.6ಕ್ಕೆ ಏರುತ್ತದೆ. ಈ 0.9 ಎಲ್ಲ ಮಣ್ಣಿಗೂ ಹೊಂದುವ ಸಂಖ್ಯೆಯಲ್ಲ. ಅಗೆಯುವ ಮೊದಲಿನ ಮತ್ತು ದಮ್ಮಸ್ಸಿನ ನಂತರದ ಒಣ ಸಾಂದ್ರತೆ ಅಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ನಿಮ್ಮ ಮಣ್ಣಿನ ಸಂಖ್ಯೆ ಸಿಗುತ್ತದೆ. ಲಾರಿ ಲೋಡಿನ ಅಳತೆಯನ್ನು ಇದರೊಂದಿಗೆ ಬೆರೆಸಬೇಡಿ: ಅಗೆದ ಮಣ್ಣು ಉಬ್ಬಿರುತ್ತದೆ, ಅದರ ಲೆಕ್ಕವೇ ಬೇರೆ.

ಈ ಕೊರತೆಗೆ ಹೊರಗಿನಿಂದ ಮಣ್ಣು ತರಿಸಬೇಕಿಲ್ಲ. ಅಂತಿಮ ಲೆವೆಲ್ ಅನ್ನು 7 ಸೆಂಟಿಮೀಟರ್ ಇಳಿಸಿ ನೋಡಿ: ಕಟ್ 131.1 ಆಗುತ್ತದೆ, ಫಿಲ್ 119.1 ಆಗುತ್ತದೆ. ಈ ಫಿಲ್ಲಿಗೆ ಬೇಕಾದ ಮಣ್ಣು 132.3. ಕೊರತೆ ಒಂದೆರಡು ಘನ ಮೀಟರಿಗೆ ಬಂದು ನಿಲ್ಲುತ್ತದೆ. ಬಾಗಿಲ ಮಟ್ಟ, ಚರಂಡಿಯ ಇಳಿತ ಇದಕ್ಕೆ ಒಪ್ಪುತ್ತವೆಯೇ ಎಂದು ನೋಡಿಕೊಂಡು ಈ ಲೆವೆಲ್ ಅನ್ನು ನಕ್ಷೆಯಲ್ಲಿಯೇ ತಿದ್ದಬೇಕು, ಜೆಸಿಬಿ ಸೈಟಿಗೆ ಬರುವ ಮೊದಲೇ.