ಐದು ಸಂದೇಶಗಳ ಲೆಕ್ಕ

ತುಮಕೂರಿನ ಕಾಲೇಜೊಂದರಲ್ಲಿ ನಾನು ಮನಶ್ಶಾಸ್ತ್ರ ಕಲಿಸುತ್ತೇನೆ. ದಿನವೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಭಾನುವಾರ ಮನೆಗೆ ಬಂದಳು. ಬಿಟ್ಟುಹೋದ ಗೆಳೆಯನಿಂದ ಹಿಂದಿನ ರಾತ್ರಿ ಹನ್ನೆರಡಕ್ಕೆ ಹುಟ್ಟುಹಬ್ಬದ ಶುಭಾಶಯ ಬಂದಿತ್ತು. ನಡುನಡುವೆ ‘ದೇವರಾಯನದುರ್ಗದಲ್ಲಿ ಮಂಜು ಬಿದ್ದಿದೆ, ನೆನಪಾಯಿತು’ ಎಂಬಂಥ ಸಾಲುಗಳೂ ಬಂದಿದ್ದವು. “ಮೇಡಂ, ಇವನ ಮನಸ್ಸಿನಲ್ಲಿ ಏನಿದೆ?” ಎಂದು ಮೊಬೈಲನ್ನು ನನ್ನ ಮುಂದಿಟ್ಟಳು.

ನಾನು ಅದನ್ನು ಓದಲಿಲ್ಲ. ಬರೆದ ಸಾಲಿನಿಂದ ಬರೆದವರ ದನಿಯನ್ನು ಗುರುತಿಸುವುದರಲ್ಲಿ ನಾವೆಲ್ಲ ದಡ್ಡರು. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಇಮೇಲ್‌ನಲ್ಲಿ ತಾವು ಬರೆದದ್ದು ವ್ಯಂಗ್ಯವೋ ಗಂಭೀರವೋ ಎಂಬುದು ಓದುಗರಿಗೆ ನೂರಕ್ಕೆ 78ರಷ್ಟು ಬಾರಿ ತಿಳಿಯುತ್ತದೆ ಎಂದು ಬರೆದವರು ಎಣಿಸಿದ್ದರು. ನಿಜಕ್ಕೂ ತಿಳಿದದ್ದು 56ರಷ್ಟು ಬಾರಿ. ನಾಣ್ಯ ಚಿಮ್ಮಿದರೂ ಐವತ್ತು ಸಿಗುತ್ತದೆ. ‘ನೆನಪಾಯಿತು’ ಎಂಬ ಪದವನ್ನು ಎಷ್ಟು ಹಿಂಡಿದರೂ ಹೊರಬರುವುದು ಓದುವವರ ಆಸೆಯೇ.

ಪದ ಕೈಕೊಟ್ಟಲ್ಲಿ ಸುತ್ತಲಿನ ಸಂಗತಿಗಳನ್ನು ನೋಡಬೇಕು. ಅಮೆರಿಕದ ಮನೋವಿಜ್ಞಾನಿ ಹೆರಾಲ್ಡ್ ಕೆಲ್ಲಿ 1967ರಲ್ಲಿ ಇದಕ್ಕೊಂದು ದಾರಿ ಹೇಳಿದ. ಒಬ್ಬರ ವರ್ತನೆಗೆ ಕಾರಣ ಹುಡುಕುವಾಗ ಮೂರು ವಿಷಯ ಕೇಳಬೇಕು: ಬೇರೆಯವರೂ ಹೀಗೆಯೇ ಮಾಡುತ್ತಾರೆಯೇ? ಇವನು ಇದನ್ನು ಎಲ್ಲರಿಗೂ ಮಾಡುತ್ತಾನೆಯೇ? ಯಾವ ಸಂದರ್ಭದಲ್ಲಿ ಇದು ಮರುಕಳಿಸುತ್ತದೆ?

ಶುಭಾಶಯದ ಗಂಟು ಬೇಗ ಬಿಚ್ಚಿತು. ಆ ದಿನ ಅವಳಿಗೆ ಅರ್ಧ ತರಗತಿಯೇ ಹಾರೈಸಿತ್ತು. ಇಬ್ಬರಿಗೂ ಪರಿಚಯವಿರುವ ಗೆಳತಿಗೆ ಫೋನ್ ಮಾಡಿ ಕೇಳಿದರೆ, ಅದೇ ಕೇಕಿನ ಚಿತ್ರ, ಅದೇ ಹನ್ನೆರಡು ಗಂಟೆ, ಅವಳ ಹುಟ್ಟುಹಬ್ಬಕ್ಕೂ ಬಂದಿತ್ತಂತೆ. ಎಲ್ಲರೂ ಮಾಡುವುದನ್ನು ಅವನು ಎಲ್ಲರಿಗೂ ಮಾಡಿದ್ದ. ಅದರಲ್ಲಿ ಇವಳಿಗೆಂದೇ ಇದ್ದದ್ದು ಏನೂ ಇಲ್ಲ. ಹುಡುಗಿಯ ಮುಖ ಸ್ವಲ್ಪ ಬಾಡಿತು. ಆ ಬಾಡಿದ್ದೂ ಒಂದು ಮಾಹಿತಿಯೇ, ಆದರೆ ಅದು ಅವನ ಬಗ್ಗೆ ಅಲ್ಲ.

ಉಳಿದ ಸಂದೇಶಗಳು ಹಾಗಲ್ಲ. ಅಂಥವು ಆ ಗೆಳತಿಗೆ ಒಂದೂ ಬಂದಿರಲಿಲ್ಲ. ಕಳೆದ ಹದಿನಾಲ್ಕು ತಿಂಗಳಲ್ಲಿ ಬಂದವು ಐದು. ಒಂದು ಹಾಳೆಯಲ್ಲಿ ಅವುಗಳ ದಿನಾಂಕ ಬರೆಸಿದೆ. ಪಕ್ಕದಲ್ಲಿ ಅವಳು ಇನ್‌ಸ್ಟಾಗ್ರಾಂನಲ್ಲಿ ಚಿತ್ರ ಹಾಕಿದ ದಿನಗಳನ್ನು ಬರೆಸಿದೆ. ಐದರಲ್ಲಿ ನಾಲ್ಕು ಸಂದೇಶಗಳು ಚಿತ್ರ ಹಾಕಿದ ದಿನವೋ ಮರುದಿನವೋ ಬಂದಿದ್ದವು.

ಇಲ್ಲಿಗೇ ನಿಲ್ಲಿಸಿದರೆ ಮೋಸಹೋಗುತ್ತೇವೆ. ಚಿತ್ರ ಹಾಕಿಯೂ ಸಂದೇಶ ಬಾರದ ದಿನಗಳನ್ನು ನೆನಪು ಇಟ್ಟುಕೊಳ್ಳುವುದಿಲ್ಲ, ಹಲ್ಲಿ ಲೊಚಗುಟ್ಟಿಯೂ ಏನೂ ಆಗದ ದಿನಗಳನ್ನು ಮರೆಯುವ ಹಾಗೆ. ಎಣಿಸಿದೆವು. ಒಟ್ಟು ಒಂಬತ್ತು ಬಾರಿ ಚಿತ್ರ ಹಾಕಿದ್ದಳು, ಐದು ಬಾರಿ ಅವನು ಸುಮ್ಮನಿದ್ದ. ಆದರೂ ಲೆಕ್ಕ ಹಾಕಿ ನೋಡಿ: ಚಿತ್ರದ ದಿನ ಮತ್ತು ಅದರ ಮರುದಿನ ಸೇರಿದರೆ 18 ದಿನ, ಹದಿನಾಲ್ಕು ತಿಂಗಳೆಂದರೆ ಸುಮಾರು 425 ದಿನ. ನಾಲ್ಕು ಸಂದೇಶಗಳು ಆ ಹದಿನೆಂಟು ದಿನಗಳಲ್ಲೇ ಬಂದಿರುವುದನ್ನು ಬರೀ ಕಾಕತಾಳೀಯ ಎನ್ನುವುದು ಕಷ್ಟ.

ಕೊನೆಯ ಅಂಕಣ ಉತ್ತರಗಳದ್ದು. ಮೂರು ಸಂದೇಶಗಳಿಗೆ ಅವಳು ಉತ್ತರಿಸಿದ್ದಳು. ಮೂರು ಸಲವೂ ಎರಡು ಸಾಲಿನ ನಂತರ ಅವನು ಮಾತು ನಿಲ್ಲಿಸಿದ್ದ. ಮತ್ತೆ ಕೂಡಬೇಕೆಂಬ ಆಸೆಯಿದ್ದವನು ಉತ್ತರ ಸಿಕ್ಕಾಗ ಮಾತು ಮುಂದುವರಿಸುತ್ತಾನೆ. ಕ್ಷಮೆ ಕೇಳಬೇಕಾದವನು ಕೇಳುತ್ತಾನೆ. ಇವನು ಬಾಗಿಲಿಗೆ ಚಿಲಕ ಹಾಕಿದ್ದಾರೆಯೇ ಎಂದು ತಳ್ಳಿ ನೋಡಿ ಹೋಗುತ್ತಿದ್ದಾನೆ ಎಂಬುದು ನನ್ನ ಅಭಿಪ್ರಾಯ. ಐದೇ ಸಂದೇಶಗಳ ಮೇಲೆ ನಿಂತ ಅಭಿಪ್ರಾಯ. ಆರನೆಯದು ಚಿತ್ರವಿಲ್ಲದ ದಿನ ಬಂದು, ಮಾತು ಅರ್ಧ ಗಂಟೆ ನಡೆದರೆ ನಾನು ಅದನ್ನು ಬದಲಿಸಬೇಕಾಗುತ್ತದೆ.

“ಹಾಗಾದರೆ ಮನಸ್ಸು ಬಂದಾಗ ಮಾತ್ರ ಉತ್ತರಿಸುತ್ತೇನೆ,” ಎಂದಳು. ಅದೇ ಎಲ್ಲಕ್ಕಿಂತ ಕೆಟ್ಟ ದಾರಿ. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪಾರಿವಾಳಗಳ ಮೇಲಿನ ಪ್ರಯೋಗಗಳನ್ನು ವಿವರವಾಗಿ ಪ್ರಕಟಿಸಿದ್ದಾರೆ. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಕೈಬಿಡುತ್ತದೆ. ಯಾವಾಗಲೋ ಒಮ್ಮೆ ಸಿಗುತ್ತಿದ್ದರೆ ಬಹುಕಾಲ ಕುಕ್ಕುತ್ತಲೇ ಇರುತ್ತದೆ. ಅವನ ಐದಕ್ಕೆ ಇವಳ ಮೂರು ಉತ್ತರ ಅಂಥ ಕಾಳು. ಅವನ ಸಂದೇಶಗಳು ಇವಳಿಗೂ ಹಾಗೆಯೇ, ಯಾವಾಗ ಬರುತ್ತದೋ ಎಂದು ಮೊಬೈಲ್ ನೋಡುವ ಚಟ ಅಲ್ಲಿಂದಲೇ ಹುಟ್ಟಿದ್ದು. ಕಾಳು ಪೂರ್ತಿ ನಿಂತಾಗ ಕುಕ್ಕುವಿಕೆ ಕೆಲಕಾಲ ಜೋರಾಗುವುದೂ ಉಂಟು. ಆಗ ಬರುವ ಸಂದೇಶಗಳ ಸುರಿಮಳೆಯನ್ನು ಪ್ರೀತಿ ಉಕ್ಕಿತೆಂದು ಓದಬಾರದು. ಅದು ಬೆದರಿಕೆಗೆ ತಿರುಗಿದರೆ ಮಾತ್ರ ಈ ಹಾಳೆಯ ಲೆಕ್ಕ ಸಾಲದು, ಸಂದೇಶಗಳನ್ನು ಅಳಿಸದೆ ಪೊಲೀಸರಿಗೆ ತೋರಿಸಬೇಕು.

ಶುಭಾಶಯಕ್ಕೆ, ಉಳಿದವರಿಗೆ ಬರೆದಂತೆಯೇ ‘ಧನ್ಯವಾದ’ ಎಂದಷ್ಟೇ ಬರೆದಳು. ಮುಂದಿನ ತಿಂಗಳು ಚಿತ್ರವೊಂದನ್ನು ಹಾಕಿದ ರಾತ್ರಿ ಸಂದೇಶ ಬಂತು. ಉತ್ತರಿಸಲಿಲ್ಲ. ವಾರದೊಳಗೆ ಇನ್ನೆರಡು ಬಂದವು, ಕೊನೆಯದು: ‘ನಂಬರ್ ಬದಲಾಯಿಸಿದೆಯಾ?’ ಅವಳು ಹಾಳೆ ತೆಗೆದು ದಿನಾಂಕ ಬರೆದುಕೊಂಡಳು.