ಒಪ್ಪಿಗೆ ಕೊಟ್ಟಿದ್ದು ಯಾವ ಆರ್ಡರಿಗೆ?

ಬಳ್ಳಾರಿಯ ಒಂದು ಜೀನ್ಸ್ ಹೋಲ್‌ಸೇಲ್ ಅಂಗಡಿಗೆ ಆರ್ಡರ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಸಾಹುಕಾರರು ಹೇಳಿದ್ದು ಒಂದೇ ಮಾತು: "ಹುಡುಗ್ರು ಆರ್ಡರ್ ಹಾಕ್ಕೊಳ್ಲಿ. ಆದ್ರೆ ಮ್ಯಾನೇಜರ್ ಹೂಂ ಅನ್ನದೆ ಒಂದ್ ರೂಪಾಯಿ ಡಿಸ್ಕೌಂಟ್ ಹೋಗಬಾರ್ದು." ಅರ್ಧ ದಿನದ ಕೆಲಸ ಅಂದುಕೊಂಡೆ. ಮೂರು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬಿಲ್ ಹಿಡಿದುಕೊಂಡು ಫೋನ್ ಮಾಡಿದರು.

ಒಂದು ಪಾರ್ಟಿ 40 ಸೆಟ್ ಬೇಕು ಅಂದಿತ್ತು. ಒಂದು ಸೆಟ್ಟಿಗೆ 28ರಿಂದ 36ರವರೆಗೆ ಐದು ಸೈಜು, ಅಂದರೆ ಒಟ್ಟು 200 ಪೀಸ್. ಪೀಸಿಗೆ 450ರಂತೆ 90,000 ರೂಪಾಯಿ. ಗುಮಾಸ್ತ 9,000 ಡಿಸ್ಕೌಂಟಿಗೆ ಕೇಳಿದ, ಮ್ಯಾನೇಜರ್ ಒಪ್ಪಿದರು. ಮರುದಿನ ಪಾರ್ಟಿಯವರು ಫೋನ್ ಮಾಡಿ, ಸದ್ಯಕ್ಕೆ 12 ಸೆಟ್ ಸಾಕು ಅಂದರು. ಗುಮಾಸ್ತ ಆರ್ಡರ್ ತೆರೆದು 200 ಇದ್ದದ್ದನ್ನು 60 ಮಾಡಿದ. ಮೊತ್ತ 27,000ಕ್ಕೆ ಇಳಿಯಿತು. ಡಿಸ್ಕೌಂಟ್ ಮಾತ್ರ 9,000 ಹಾಗೇ ಕೂತಿತ್ತು, ಪಕ್ಕದಲ್ಲಿ ಹಸಿರು ಬಣ್ಣದ 'ಒಪ್ಪಿಗೆ ಆಗಿದೆ' ಸಮೇತ. 450ರ ಪ್ಯಾಂಟು 300ಕ್ಕೆ ಹೋಯಿತು.

ಇಲ್ಲಿ ಯಾರೂ ಮೋಸ ಮಾಡಲಿಲ್ಲ. ತಪ್ಪು ನನ್ನದು. ಒಪ್ಪಿಗೆಯನ್ನು ಆರ್ಡರ್ ನಂಬರಿಗೆ ಕಟ್ಟಿದ್ದೆ, ಆರ್ಡರಿನ ಒಳಗೇನಿದೆ ಅನ್ನುವುದಕ್ಕೆ ಕಟ್ಟಿರಲಿಲ್ಲ. ಪರ್ಸೆಂಟ್ ಲೆಕ್ಕದಲ್ಲಿ ಇಟ್ಟಿದ್ದರೂ ಪೂರ್ತಿ ಸರಿ ಹೋಗುತ್ತಿರಲಿಲ್ಲ. 40 ಸೆಟ್ ತೆಗೆದುಕೊಳ್ಳುತ್ತಾರೆ ಅಂತ ಕೊಟ್ಟ ಹತ್ತು ಪರ್ಸೆಂಟನ್ನು 12 ಸೆಟ್ಟಿಗೆ ಯಾರು ಕೊಡುತ್ತಾರೆ?

ಈಗ ಹೀಗೆ ಮಾಡುತ್ತೇನೆ. ಪ್ರತಿ ಆರ್ಡರಿಗೂ ಒಂದು ವರ್ಷನ್ ನಂಬರ್ ಇರುತ್ತದೆ. ಪೀಸು, ರೇಟು, ಪಾರ್ಟಿ, ಡಿಸ್ಕೌಂಟ್, ಯಾವುದನ್ನು ಮುಟ್ಟಿದರೂ ಆ ನಂಬರ್ ಒಂದು ಜಾಸ್ತಿಯಾಗುತ್ತದೆ, ಹಳೆಯ ಒಪ್ಪಿಗೆ ಬಿದ್ದುಹೋಗುತ್ತದೆ. ಮ್ಯಾನೇಜರ್ ಬಟನ್ ಒತ್ತಿದಾಗ, ಅವರ ಕಣ್ಣ ಮುಂದಿದ್ದ ವರ್ಷನ್ನೇ ಈಗಲೂ ಇದೆಯಾ ಅಂತ ಡೇಟಾಬೇಸ್ ನೋಡುತ್ತದೆ.

```sql
UPDATE orders
SET status = 'APPROVED', approved_by = :me
WHERE id = :id
  AND status = 'PENDING'
  AND version = :seen_version
  AND created_by <> :me;
```

ಟೇಬಲ್ಲಿನ ಒಂದು ಸಾಲೂ ಬದಲಾಗಲಿಲ್ಲ ಅಂದರೆ, ನಡುವೆ ಯಾರೋ ಆರ್ಡರ್ ತಿದ್ದಿದ್ದಾರೆ, ಇಲ್ಲವೇ ಅದರ ತೀರ್ಮಾನ ಆಗಲೇ ಆಗಿಹೋಗಿದೆ, ಅಥವಾ ಹಾಕಿದವರೇ ಒಪ್ಪಲು ಹೊರಟಿದ್ದಾರೆ. ಕೋಡಿನ ಕೊನೆಯ ಸಾಲು ಇರುವುದು ಹಾಕಿದವರೇ ಒಪ್ಪದಿರಲಿ ಅಂತಲೇ. ಮ್ಯಾನೇಜರ್ ತಾವೇ ಆರ್ಡರ್ ಹಾಕಿದರೆ ಸಾಹುಕಾರರು ಒಪ್ಪಬೇಕು.

ಇದಕ್ಕೂ ಮೊದಲು ಪರ್ಮಿಷನ್ ನೋಡಬೇಕು, ಅದನ್ನು ಸರ್ವರಿನಲ್ಲೇ ನೋಡಬೇಕು. ಗುಮಾಸ್ತನ ಪರದೆಯಲ್ಲಿ ಬಟನ್ ಕಾಣದಂತೆ ಮಾಡಿ ಸುಮ್ನೆ ಕೂತರೆ ಬೀಗ ಹಾಕಿದಂತಾಗಲಿಲ್ಲ, ಪರದೆ ಎಳೆದಂತಾಯಿತು ಅಷ್ಟೇ. ಬಟನ್ ಒತ್ತಿದಾಗ ಹೋಗುವ ರಿಕ್ವೆಸ್ಟನ್ನು ಬ್ರೌಸರಿನಿಂದ ಕೈಯಾರೆ ಕಳಿಸುವುದು ಕಷ್ಟವೇನಲ್ಲ. ಗುಮಾಸ್ತನ ಲಾಗಿನ್‌ನಿಂದ ಅದೇ ರಿಕ್ವೆಸ್ಟ್ ಕಳಿಸಿ ನೋಡಿ. `403` ಬಂದರೆ ಸರಿ. ಒಪ್ಪಿಗೆ ಆಗಿಬಿಟ್ಟರೆ ಬಾಗಿಲು ತೆರೆದೇ ಇದೆ. ಇನ್ನೊಂದು, ಕೋಡಿನಲ್ಲಿ 'ಇವನು ಮ್ಯಾನೇಜರಾ?' ಅಂತ ಕೇಳಬೇಡಿ, 'ಇವನಿಗೆ `discount.approve` ಇದೆಯಾ?' ಅಂತ ಕೇಳಿ. ನಾಳೆ ಹಿರಿಯ ಗುಮಾಸ್ತನಿಗೂ ಆ ಅಧಿಕಾರ ಕೊಡಬೇಕಾದರೆ ಕೋಡ್ ಮುಟ್ಟಬೇಕಿಲ್ಲ.

ಇಷ್ಟೆಲ್ಲ ಆದ ಮೇಲೂ ನಾನು ಮರೆತಿದ್ದ ಕಿಂಡಿ ಒಂದಿತ್ತು. ಅದು ರೇಟಿನ ಕಾಲಂ. ಡಿಸ್ಕೌಂಟ್ ಕಾಲಂ ಮುಟ್ಟದೆ ಪೀಸಿನ ರೇಟನ್ನೇ 450ರಿಂದ 410ಕ್ಕೆ ಇಳಿಸಿದರೂ ಅದು ಡಿಸ್ಕೌಂಟೇ ಅಲ್ವಾ? ಲೆಕ್ಕದಲ್ಲಿ ಮಾತ್ರ ಸೊನ್ನೆ ಅಂತ ಕಾಣುತ್ತದೆ. 'ಒಂದು ಪೀಸ್ ಫ್ರೀ' ಅಂತ ಸೊನ್ನೆ ರೇಟಿಗೆ ಸೇರಿಸಿದರೂ ಅದೇ ಕಥೆ. ಹಾಗಾಗಿ ಡಿಸ್ಕೌಂಟ್ ಕಾಲಂ ನೋಡುವುದನ್ನೇ ಬಿಟ್ಟೆ. ಕೊಟ್ಟ ಎಲ್ಲ ಪೀಸುಗಳಿಗೂ ರೇಟ್ ಪಟ್ಟಿಯ ಪ್ರಕಾರ ಎಷ್ಟಾಗಬೇಕಿತ್ತು, ಪಾರ್ಟಿ ಕೊಡುವುದು ಎಷ್ಟು, ಇವೆರಡನ್ನು ಸರ್ವರ್ ಹೋಲಿಸುತ್ತದೆ. ಕಡಿಮೆ ಇದ್ದರೆ ಒಪ್ಪಿಗೆಗೆ ಹೋಗುತ್ತದೆ. ಪಟ್ಟಿಯ ರೇಟು ತಿದ್ದುವ ಅಧಿಕಾರವೂ ಗುಮಾಸ್ತನಿಗಿಲ್ಲ, ಇಲ್ಲದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ.

ಇನ್ನು ಯಾವ ಕೋಡೂ ತಡೆಯಲಾರದ್ದು ಒಂದಿದೆ: ಪಾಸ್‌ವರ್ಡ್ ಹೇಳಿಕೊಡುವುದು. ಮ್ಯಾನೇಜರ್ ಮಧ್ಯಾಹ್ನ ಊಟಕ್ಕೆ ಹೋದಾಗ ಆದ ಒಪ್ಪಿಗೆಗಳೇ ಜಾಸ್ತಿ ಇದ್ದದ್ದು ಲಾಗ್‌ನಲ್ಲಿ ಕಣ್ಣಿಗೆ ಬಿತ್ತು. ಎಲ್ಲವೂ ಗುಮಾಸ್ತನ ಕಂಪ್ಯೂಟರಿನಿಂದಲೇ ಆಗಿದ್ದವು. ಕೇಳಿದರೆ ಮ್ಯಾನೇಜರ್ ನಕ್ಕು, "ಪಾರ್ಟಿ ಎದುರಿಗೇ ನಿಂತಿರ್ತಾರ್ ಸರ್, ಏನ್ ಮಾಡೋದು" ಅಂದರು. ಅವರ ಮಾತೂ ನ್ಯಾಯವೇ. ಬೈಯುವ ಬದಲು ಒಪ್ಪಿಗೆಯ ಪರದೆಯನ್ನು ಅವರ ಮೊಬೈಲಿಗೆ ತಂದೆ. ಪಾರ್ಟಿ ಯಾರು, ಎಷ್ಟು ಪೀಸ್, ಪೀಸಿಗೆ ಕೊನೆಗೆ ಬೀಳುವ ರೇಟ್ ಎಷ್ಟು, ಇಷ್ಟೇ ಕಾಣುತ್ತದೆ. ಈಗ ಊಟದ ತಟ್ಟೆ ಮುಂದೆ ಕೂತೇ ಒಂದು ಕೈಯಲ್ಲಿ ಒಪ್ಪುತ್ತಾರೆ, ಪೀಸಿನ ರೇಟ್ ನೋಡಿ ಕೆಲವೊಮ್ಮೆ ಬೇಡ ಅಂತಲೂ ಒತ್ತುತ್ತಾರೆ.